ದೊಡ್ಡಮ್ಮನ ಮುಚ್ಚಿದ ಕಣ್ಣು: ಗಿಂಪ್, ಫೋಟೋಶಾಪ್, ಫೋನ್ ಮೂರರಲ್ಲೂ ಮಾಡಿ ನೋಡಿದೆ

ತಂಗಿ ಮನೆಯ ಗೃಹಪ್ರವೇಶದ ದಿನ ಹೊಸ ಬಾಗಿಲ ಮುಂದೆ ಹನ್ನೆರಡು ಜನರನ್ನು ನಿಲ್ಲಿಸಿ ನಾಲ್ಕು ಫೋಟೋ ತೆಗೆದೆ. ಟ್ರೈಪಾಡ್ ಇರಲಿಲ್ಲ, ಕ್ಯಾಮೆರಾ ಕೈಯಲ್ಲೇ ಇತ್ತು. ಎರಡನೆಯದರಲ್ಲಿ ಎಲ್ಲರೂ ಚೆನ್ನಾಗಿ ಬಂದಿದ್ದರು, ದೊಡ್ಡಮ್ಮನ ಕಣ್ಣು ಮಾತ್ರ ಮುಚ್ಚಿತ್ತು. ಮೂರನೆಯದರಲ್ಲಿ ಕಣ್ಣು ತೆರೆದಿತ್ತು, ಆದರೆ ನೋಟ ಮೊಮ್ಮಗುವಿನ ಕಡೆ. ಎಲ್ಲರೂ ಕ್ಯಾಮೆರಾ ನೋಡುವಾಗ ಒಬ್ಬರೇ ಪಕ್ಕಕ್ಕೆ ನೋಡಿದರೆ ಕಣ್ಣು ತೆರೆದೂ ಪ್ರಯೋಜನವಿಲ್ಲ. ಹಾಗಾಗಿ ಎರಡನೆಯದಕ್ಕೆ ಜೋಡಿಸಲು ನಾಲ್ಕನೆಯದರ ಮುಖವನ್ನೇ ಆರಿಸಿಕೊಂಡೆ.

ಮೊದಲು ಫೋಟೋ ತಿದ್ದುವ ಗಿಂಪ್, ದುಡ್ಡು ಕೊಡಬೇಕಿಲ್ಲ ಅಲ್ವಾ. ಎರಡನೆಯ ಫೋಟೋ ತೆರೆದು, File > Open as Layers ಮೂಲಕ ನಾಲ್ಕನೆಯದನ್ನು ಅದರ ಮೇಲೆ ತಂದೆ. ಮೇಲಿನ ಲೇಯರ್‌ನ ಮೋಡ್ ಅನ್ನು Difference ಮಾಡಿದರೆ ಎರಡೂ ಸರಿಯಾಗಿ ಹೊಂದಿದ ಜಾಗ ಕಪ್ಪಾಗುತ್ತದೆ, ಹೊಂದದ ಕಡೆ ಬೆಳ್ಳನೆ ಗೆರೆ ಉಳಿಯುತ್ತದೆ. ಮೇಲಿನ ಲೇಯರನ್ನು ಬಾಣದ ಕೀಲಿಯಿಂದ ಚೂರು ಚೂರೇ ಸರಿಸಿ, Shift+R ಒತ್ತಿ ಒಂದಿಷ್ಟು ತಿರುಗಿಸಿ ಹೊಂದಿಸಿದೆ. ಇಲ್ಲೇ ಒಂದು ತಪ್ಪು ಮಾಡಿದೆ. ಬಾಗಿಲ ಚೌಕಟ್ಟು ಕಪ್ಪಾಗುವವರೆಗೆ ಸರಿಸಿ ಖುಷಿಪಟ್ಟೆ. ಆದರೆ ಆ ಎರಡು ಫೋಟೋಗಳ ನಡುವೆ ದೊಡ್ಡಮ್ಮನೇ ಸ್ವಲ್ಪ ಎಡಕ್ಕೆ ವಾಲಿದ್ದರು! ಮುಖ ಬದಲಿಸಿದರೆ ತಲೆ ಕುತ್ತಿಗೆಯ ಮೇಲೆ ಕೂರಲೇ ಇಲ್ಲ. ಹೊಂದಿಸಬೇಕಾದ್ದು ಗೋಡೆಯನ್ನಲ್ಲ, ಅವರ ಕುತ್ತಿಗೆ ಮತ್ತು ಭುಜದ ಮೇಲಿನ ಸೀರೆ ಅಂಚನ್ನು. ಎಲ್ಲ ಸೇರಿ ನಲವತ್ತು ನಿಮಿಷ ಹಿಡಿಯಿತು.

ಫೋಟೋಶಾಪ್‌ನಲ್ಲಿ ಎರಡೂ ಲೇಯರ್ ಆರಿಸಿ Edit > Auto-Align Layers ಒತ್ತಿದರೆ ಕೈ ಅಲುಗಾಡಿದ್ದನ್ನು ಅದೇ ಸರಿಮಾಡುತ್ತದೆ. ಫೋಟೋದ ಅಂಚುಗಳಲ್ಲಿ ಖಾಲಿ ಪಟ್ಟಿ ಉಳಿಯುತ್ತದೆ, ಕೊನೆಗೆ ಕ್ರಾಪ್ ಮಾಡಿದರಾಯಿತು. ಆದರೆ ಅದು ನೋಡುವುದು ಇಡೀ ಚಿತ್ರವನ್ನು. ಹಾಗಾಗಿ ಇಲ್ಲೂ ಚೌಕಟ್ಟು ಸರಿಯಾಯಿತು, ದೊಡ್ಡಮ್ಮ ಸರಿಯಾಗಲಿಲ್ಲ. ಕೊನೆಯ ನಾಲ್ಕು ಹೆಜ್ಜೆ ಕೈಯಿಂದಲೇ ಸರಿಸಬೇಕಾಯಿತು. ಆದರೂ ಹದಿನೈದು ನಿಮಿಷದಲ್ಲಿ ಮುಗಿಯಿತು. ತಿಂಗಳ ಚಂದಾ ಹೇಗೂ ಕಟ್ಟುತ್ತಿರುವವರಿಗೆ ಇದೇ ಸುಲಭ. ಈ ಒಂದು ಫೋಟೋಕ್ಕಾಗಿ ಕಟ್ಟುವುದಾದರೆ ಬೇಡ.

ಮುಂದಿನ ಕೆಲಸ ಎರಡರಲ್ಲೂ ಒಂದೇ, ಗಿಂಪ್‌ನಲ್ಲಿ ಮಾತ್ರ ಮೊದಲು ಮೋಡ್ ಅನ್ನು Difference ಇಂದ ಮತ್ತೆ Normal ಮಾಡಬೇಕು. ಮೇಲಿನ ಲೇಯರ್‌ಗೆ ಕಪ್ಪು ಮಾಸ್ಕ್ ಹಾಕಿದರೆ ಅದು ಪೂರ್ತಿ ಮರೆಯಾಗುತ್ತದೆ. ಆಮೇಲೆ ಬಿಳಿ ಬ್ರಷ್‌ನಿಂದ ಬಳಿದಲ್ಲೆಲ್ಲ ಹೊಸ ಮುಖ ಕಾಣುತ್ತದೆ. ನಾನು ಮೊದಲು ಕಣ್ಣುಗಳಷ್ಟನ್ನೇ ಬಳಿದೆ. ದೊಡ್ಡಮ್ಮ ಯಾರನ್ನೋ ಗದರುತ್ತಿರುವ ಹಾಗೆ ಕಂಡರು! ಕಣ್ಣು ಮುಚ್ಚಿದಾಗ ಹುಬ್ಬು, ಕೆನ್ನೆ ಎಲ್ಲವೂ ಬೇರೆ ಥರ ಇರುತ್ತವೆ, ನಗುವಿಗೆ ಕೆನ್ನೆ ಮೇಲೇರಿರುತ್ತದೆ. ಹಾಗಾಗಿ ಕಣ್ಣಿಗಿಂತ ಇಡೀ ತಲೆಯನ್ನೇ ಬದಲಿಸುವುದು ಸುಲಭ, ಕೇಳಲು ವಿಚಿತ್ರ ಅನಿಸಿದರೂ. ಕೂದಲ ಸುತ್ತ ಖಾಲಿ ಗೋಡೆ ಇದ್ದುದರಿಂದ ಗೋಡೆಯನ್ನೂ ಸೇರಿಸಿ ಮೆತ್ತಗಿನ ದೊಡ್ಡ ಬ್ರಷ್‌ನಲ್ಲಿ ಬಳಿದೆ. ಕೆಳಗೆ ಕರಿಮಣಿ ಸರದ ಗೆರೆಗೆ ನಿಲ್ಲಿಸಿದೆ, ಅಲ್ಲಿ ಜೋಡಣೆ ಯಾರಿಗೂ ಕಾಣುವುದಿಲ್ಲ. ಜುಮುಕಿಯನ್ನು ಪೂರ್ತಿ ಒಳಗೆ ತರಬೇಕು, ಇಲ್ಲದಿದ್ದರೆ ಒಂದೇ ಕಿವಿಗೆ ಎರಡು ಜುಮುಕಿ.

ಇನ್ನೊಂದು ತೊಂದರೆ ಬೆಳಕಿನದು. ನಾಲ್ಕನೆಯ ಫೋಟೋ ಹೊತ್ತಿಗೆ ಮೋಡ ಬಂದು ಮುಖ ಒಂದು ಚೂರು ಕಪ್ಪಗೆ ಕಾಣುತ್ತಿತ್ತು. ಆ ಲೇಯರ್‌ಗೆ ಮಾತ್ರ Curves ಹಾಕಿ ಕುತ್ತಿಗೆಯ ಬಣ್ಣಕ್ಕೆ ಹೊಂದುವಷ್ಟು ಬೆಳಗಿಸಿದೆ. ಬೆಳಕು ಹೆಚ್ಚು ಕಮ್ಮಿಯಾದರೆ ಹೀಗೆ ಸರಿಪಡಿಸಬಹುದು. ಮೂಗಿನ ನೆರಳು ಬೇರೆ ದಿಕ್ಕಿಗೆ ಬಿದ್ದಿದ್ದರೆ ಮಾತ್ರ ಆ ಮುಖ ಬಿಟ್ಟುಬಿಡಿ.

ಮೂರನೆಯದು ಫೋನ್. ಅಣ್ಣನ ಮಗನ ಹತ್ತಿರ ಪಿಕ್ಸೆಲ್ ಇದೆ. 2023ರಲ್ಲಿ ಪಿಕ್ಸೆಲ್ 8ರ ಜೊತೆ ಬಂದ Best Take ಇದೇ ಕೆಲಸಕ್ಕೆ ಇರುವುದು. ಒಂದರ ಹಿಂದೊಂದು ತೆಗೆದ ಫೋಟೋಗಳಿಂದ ಒಬ್ಬೊಬ್ಬರ ಮುಖ ತೋರಿಸುತ್ತದೆ, ಬೇಕಾದ್ದನ್ನು ಮುಟ್ಟಿದರೆ ಸಾಕು. ಅವನು ತೆಗೆದ ಮೂರು ಫೋಟೋಗಳಲ್ಲಿ ಒಂದರಲ್ಲಿ ದೊಡ್ಡಮ್ಮನ ಕಣ್ಣು ತೆರೆದಿತ್ತು, ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. ನನ್ನ ನಲವತ್ತು ನಿಮಿಷ ನೆನೆದು ಹೊಟ್ಟೆ ಉರಿಯಿತು. ಆದರೆ ಜೋಡಣೆಯ ಗೆರೆ ಎಲ್ಲಿ ಹಾದುಹೋಗಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ವಾಟ್ಸಾಪ್‌ಗೆ ಕಳಿಸಲು ಅದೇ ಸಾಕು, ಫ್ರೇಮ್ ಹಾಕಿಸಲು ನಾನು ಲೇಯರ್ ಮಾಡಿದ್ದನ್ನೇ ಕೊಟ್ಟೆ.

ಪ್ರಿಂಟ್‌ಗೆ ಕೊಡುವ ಮೊದಲು ತಂಗಿಗೆ ತೋರಿಸಿದೆ. ದೊಡ್ಡಮ್ಮನ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. "ಅಣ್ಣಾ, ಎಡಗಡೆ ಕೊನೇಲಿ ನಮ್ಮವರ ಕಣ್ಣು ಅರ್ಧ ಮುಚ್ಚಿದೆ ನೋಡು" ಅಂದಳು. ಪುಣ್ಯಕ್ಕೆ ಲೇಯರ್‌ಗಳನ್ನು ಒಂದು ಮಾಡದೆ ಹಾಗೇ ಉಳಿಸಿದ್ದೆ.