ಎರಡು ವರ್ಷ ಮೀನೆಣ್ಣೆ ಕ್ಯಾಪ್ಸೂಲ್ ನುಂಗಿದ ಮೇಲೆ: ಡಬ್ಬಿ ಮೇಲಿನ ಮುದ್ರೆಯನ್ನು ಎಷ್ಟು ನಂಬಬಹುದು?

ಎರಡು ವರ್ಷದಿಂದ ದಿನಾ ಮೀನೆಣ್ಣೆ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ಎಂಟು ತಿಂಗಳು ಒಂದು ಬ್ರ್ಯಾಂಡ್, ಆಮೇಲೆ ಇನ್ನೊಂದು. ಬದಲಾಯಿಸಿದ್ದಕ್ಕೆ ಕಾರಣ ಡಬ್ಬಿ ಮೇಲಿನ ಮುದ್ರೆ.

ಮೊದಲನೆಯದರ ಮೇಲೆ ಚಿನ್ನದ ಬಣ್ಣದ ದುಂಡನೆ ಮುದ್ರೆ ಇತ್ತು. 'ಲ್ಯಾಬ್‌ನಲ್ಲಿ ಪರೀಕ್ಷಿಸಿದ್ದು' ಎಂದಷ್ಟೇ ಬರೆದಿತ್ತು, ಯಾವ ಲ್ಯಾಬ್ ಅಂತ ಇರಲಿಲ್ಲ. ಪಕ್ಕದಲ್ಲಿ ಜಿಎಂಪಿ ಗುರುತು. ಅದು ಕಾರ್ಖಾನೆಯಲ್ಲಿ ಕೆಲಸ ನಡೆಯುವ ಕ್ರಮಕ್ಕೆ ಸಂಬಂಧಿಸಿದ್ದು. ಕ್ಯಾಪ್ಸೂಲ್ ಒಳಗೆ ಎಷ್ಟಿದೆ ಎಂದು ಹೊರಗಿನವರು ಅಳೆದಿದ್ದಾರೆ ಅಂತ ಅದರ ಅರ್ಥವಲ್ಲ.

ಕಂಪನಿಗೆ ಬರೆದು ಪರೀಕ್ಷಾ ವರದಿ ಕೇಳಿದೆ. ಕಳಿಸಿದರು. ಡಬ್ಬಿ ತಿರುಗಿಸಿ ತಳದಲ್ಲಿದ್ದ ಲಾಟ್ ನಂಬರ್ ನೋಡಿದರೆ, ವರದಿಯಲ್ಲಿದ್ದದ್ದೇ ಬೇರೆ! ಅಂದರೆ ನನ್ನ ಕೈಯಲ್ಲಿದ್ದ ಎಣ್ಣೆಯ ಬಗ್ಗೆ ಆ ಕಾಗದ ಏನೂ ಹೇಳುತ್ತಿರಲಿಲ್ಲ. ಫಲಿತಾಂಶದ ಜಾಗದಲ್ಲೂ ಅಂಕಿ ಇಲ್ಲ, ಸುಮ್ನೆ 'ಪಾಸ್' ಅಂತ ಇತ್ತು.

ಈಗ ಬಳಸುತ್ತಿರುವುದಕ್ಕೆ ಐಎಫ್‌ಒಎಸ್ ಮುದ್ರೆ ಇದೆ. ಅದು ಮೀನೆಣ್ಣೆಗೆಂದೇ ಇರುವ ಪರೀಕ್ಷೆ, ವರದಿ ಲಾಟ್ ಲೆಕ್ಕದಲ್ಲಿ ಸಿಗುತ್ತದೆ. ಮುದ್ರೆಯ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅಲ್ವಾ? ಅದಕ್ಕೇ ಮುದ್ರೆ ಕೊಟ್ಟವರ ವೆಬ್‌ಸೈಟ್‌ನಲ್ಲೇ ಹುಡುಕಬೇಕು. ಕಂಪನಿಯ ಹೆಸರು ಸಿಕ್ಕರೆ ಸಾಲದು, ಅದೇ ಕ್ಯಾಪ್ಸೂಲ್, ಅದೇ ಪ್ರಮಾಣ ಇರಬೇಕು. ಔಷಧಿ, ಪೂರಕಗಳ ಗುಣಮಟ್ಟ ನೋಡುವ ಅಮೆರಿಕದ ಸಂಸ್ಥೆ ಯುಎಸ್‌ಪಿಯ ಮುದ್ರೆಯಾದರೂ ಅಷ್ಟೇ, ಅದು ಕಂಪನಿಗಲ್ಲ, ಆಯಾ ಉತ್ಪನ್ನಕ್ಕೆ ಸಿಗುವುದು.

ನನ್ನ ಡಬ್ಬಿಯ ಮುಂಭಾಗದಲ್ಲಿ '1000 ಮಿ.ಗ್ರಾಂ' ಅಂತ ದೊಡ್ಡದಾಗಿದೆ. ಅದು ಒಟ್ಟು ಎಣ್ಣೆಯ ತೂಕ. ನಮಗೆ ಬೇಕಾದದ್ದು ಅದರಲ್ಲಿರುವ ಒಮೆಗಾ-3 ಕೊಬ್ಬುಗಳು: ಇಪಿಎ 180, ಡಿಎಚ್‌ಎ 120, ಕೂಡಿದರೆ 300 ಮಾತ್ರ. ವರದಿಯಲ್ಲಿ ಹೋಲಿಸಬೇಕಾದದ್ದು ಈ 300ನ್ನು. ನನ್ನ ಲಾಟ್‌ನಲ್ಲಿ 312 ಬಂದಿತ್ತು.

ಎಣ್ಣೆ ಕಮಟಾಗಿದೆಯೋ ಇಲ್ಲವೋ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಪೆರಾಕ್ಸೈಡ್ ಅಂಕಿ 3, ಅನಿಸಿಡಿನ್ ಅಂಕಿ 12 ಇತ್ತು. ಮೊದಲನೆಯದನ್ನು ಎರಡರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ 18. ಇದೇ ಟೋಟಾಕ್ಸ್, ಅಂದರೆ ಎಣ್ಣೆ ಒಟ್ಟು ಎಷ್ಟು ಕಮಟಾಗಿದೆ ಎಂದು ಹೇಳುವ ಅಂಕಿ. ಮೀನೆಣ್ಣೆ ಉದ್ಯಮದವರೇ ಇಟ್ಟುಕೊಂಡ ಮಿತಿ 26, ಹಾಗಾಗಿ ಇದು ಸರಿಯಾಗಿದೆ. ನಿಂಬೆ ಪರಿಮಳ ಹಾಕಿದ ಎಣ್ಣೆಯಲ್ಲಿ ಮಾತ್ರ ಅನಿಸಿಡಿನ್ ಅಂಕಿ ಸುಳ್ಳೇ ಜಾಸ್ತಿ ಬರಬಹುದು. ಆ ಪರಿಮಳ ಕಮಟು ವಾಸನೆಯನ್ನೂ ಮುಚ್ಚಿಬಿಡುತ್ತದೆ. ಅದಕ್ಕೇ ನಾನು ಪರಿಮಳ ಹಾಕದ್ದನ್ನೇ ಕೊಳ್ಳುತ್ತೇನೆ.

ಈ ಮುದ್ರೆ ನೋಡಿ ಹೃದಯಕ್ಕೆ ಒಳ್ಳೆಯದು ಅಂತ ತಿಳಿಯಬೇಡಿ. ಮುದ್ರೆ ಕೊಡುವವರು ಅದನ್ನು ಪರೀಕ್ಷಿಸುವುದೇ ಇಲ್ಲ. ವರದಿಯೂ ಪರೀಕ್ಷೆ ಮಾಡಿದ ದಿನದ್ದು. ಒಂದು ಡಬ್ಬಿಯನ್ನು ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟು ಮರೆತಿದ್ದೆ. ಆಮೇಲೆ ಒಂದು ಕ್ಯಾಪ್ಸೂಲ್ ಚುಚ್ಚಿ ಮೂಸಿದರೆ ಹಳೆ ಬಣ್ಣದ ಡಬ್ಬಿ ತೆರೆದ ಹಾಗೆ ಘಾಟು. ವರದಿ ಚೆನ್ನಾಗಿದ್ದರೂ ಇಡೀ ಡಬ್ಬಿ ಎಸೆದೆ.