ಅತ್ತಿಗೆಯ ಬೇಕರಿಗೆ ಆರ್ಡರ್ ಫಾರ್ಮ್: ಗೂಗಲ್ ಫಾರ್ಮ್ಸ್, ಟ್ಯಾಲಿ ಎರಡನ್ನೂ ಬಳಸಿ ನೋಡಿದ ಮೇಲೆ

ನಮ್ಮ ಅತ್ತಿಗೆ ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಕೇಕು, ಬಿಸ್ಕತ್ತು ಮಾಡಿ ಮಾರುತ್ತಾರೆ. ಆರ್ಡರೆಲ್ಲ ವಾಟ್ಸಾಪಿನಲ್ಲೇ ಬರುತ್ತಿತ್ತು. ಒಬ್ಬರದು ವಾಯ್ಸ್ ಮೆಸೇಜು, ಇನ್ನೊಬ್ಬರದು "ಹೋದ ಸಲದ್ದೇ ಕೊಡಿ". ರಾತ್ರಿ ಕೂತು ಅದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕಿತ್ತು. ಕೋಡ್ ಬರೆಯದೆ ಒಂದು ಫಾರ್ಮ್ ಮಾಡಿ, ಆರ್ಡರು ನೇರವಾಗಿ ಗೂಗಲ್ ಶೀಟಿಗೆ ಬೀಳುವ ಹಾಗೆ ಮಾಡೋಣ ಅಂತ ಎರಡು ದಾರಿ ಹಿಡಿದು ನೋಡಿದೆ. ಒಂದು ಗೂಗಲ್ ಫಾರ್ಮ್ಸ್. ಇನ್ನೊಂದು ಟ್ಯಾಲಿ. ಇದು ಅಂಗಡಿ ಲೆಕ್ಕ ಬರೆಯುವ ಟ್ಯಾಲಿ ಅಲ್ಲ, tally.so ಅನ್ನುವ ಬೇರೆಯೇ ಫಾರ್ಮ್ ಸೈಟು. ಜಾಟ್‌ಫಾರ್ಮನ್ನೂ ನೋಡಿದೆ. ಉಚಿತ ಪ್ಲಾನಿನಲ್ಲಿ ತಿಂಗಳಿಗೆ 100 ಉತ್ತರಗಳ ಮಿತಿ ಇದ್ದದ್ದರಿಂದ ಅಲ್ಲಿಗೇ ಬಿಟ್ಟೆ.

ಹೋಲಿಕೆಗೆ ಎರಡಕ್ಕೂ ಒಂದೇ ಆರ್ಡರು ಕೊಟ್ಟೆ. ಎಗ್‌ಲೆಸ್ ಚಾಕೊಲೇಟ್ ಕೇಕ್ ಒಂದೂವರೆ ಕೆಜಿ, ಕೆಜಿಗೆ 900. ಬೆಣ್ಣೆ ಬಿಸ್ಕತ್ತು 2 ಪ್ಯಾಕೆಟ್, ಒಂದಕ್ಕೆ 120. ಖಾರಾ ಬಿಸ್ಕತ್ತು 3 ಪ್ಯಾಕೆಟ್, ಒಂದಕ್ಕೆ 100. ಒಟ್ಟು 1,890 ರೂಪಾಯಿ ಬರಬೇಕು.

ಮೊದಲು ಗೂಗಲ್ ಫಾರ್ಮ್ಸ್. ತಿಂಡಿಗಳನ್ನೆಲ್ಲ ಒಂದೇ ಪ್ರಶ್ನೆಯಲ್ಲಿ ಟಿಕ್ ಮಾಡುವ ಚೆಕ್‌ಬಾಕ್ಸ್ ಆಗಿ ಇಟ್ಟೆ. ಫೋನಿನಲ್ಲಿ ನೋಡೋಕೆ ಚೆನ್ನಾಗಿತ್ತು. ಶೀಟಿನಲ್ಲಿ ಮಾತ್ರ ಟಿಕ್ ಮಾಡಿದ್ದೆಲ್ಲ ಒಂದೇ ಚೌಕದಲ್ಲಿ ಅಲ್ಪವಿರಾಮ ಹಾಕಿಕೊಂಡು ಸಾಲಾಗಿ ಕೂತಿತ್ತು. ಎಷ್ಟು ಪ್ಯಾಕೆಟ್ ಅಂತ ಇಲ್ಲ, ಕೂಡಿಸೋಕೂ ಬರಲ್ಲ. ಗ್ರಿಡ್ ಪ್ರಶ್ನೆ ಹಾಕಿದರೆ ಪ್ರತಿ ತಿಂಡಿಗೂ ಬೇರೆ ಕಾಲಂ ಸಿಗುತ್ತದೆ, ನಿಜ. ಆದರೆ ಸಣ್ಣ ಫೋನಿನಲ್ಲಿ ಅಡ್ಡಕ್ಕೆ ಎಳೆದು ನೋಡಬೇಕು, ವಯಸ್ಸಾದವರಿಗೆ ಕಷ್ಟ. ಕೊನೆಗೆ ಒಂದೊಂದು ತಿಂಡಿಗೂ ಒಂದೊಂದು ಡ್ರಾಪ್‌ಡೌನ್ ಮಾಡಿದೆ. ಫಾರ್ಮ್ ಸ್ವಲ್ಪ ಉದ್ದವಾಯಿತು, ಶೀಟು ಸರಿಹೋಯಿತು.

ಡ್ರಾಪ್‌ಡೌನಿನಲ್ಲಿ ಬರೀ ಅಂಕಿ ಇರಬೇಕು, ಇದನ್ನು ಬಿಡಬೇಡಿ. "1 ಕೆಜಿ" ಅಂತ ಬರೆದರೆ ಶೀಟಿಗೆ ಅದು ಅಕ್ಷರ. ಗುಣಿಸಲು ಹೋದರೆ `#VALUE!` ಬರುತ್ತದೆ. "1/2" ಅಂತ ಬರೆದರೆ ಶೀಟು ಅದನ್ನು ದಿನಾಂಕ ಅಂದುಕೊಳ್ಳಬಹುದು. 0.5, 1, 1.5 ಅಂತ ಇಡಿ. ಕೆಜಿ, ಪ್ಯಾಕೆಟ್ ಅನ್ನುವುದನ್ನು ಪ್ರಶ್ನೆಯ ಹೆಸರಿನಲ್ಲೇ ಬರೆದುಬಿಡಿ.

ಇನ್ನು ಒಟ್ಟು ಲೆಕ್ಕ. ಗೂಗಲ್ ಫಾರ್ಮ್ಸ್ ಗ್ರಾಹಕರಿಗೆ ಮೊತ್ತ ತೋರಿಸುವುದಿಲ್ಲ. ಶೀಟಿನಲ್ಲಿ ನಾವೇ ಲೆಕ್ಕ ಹಾಕಬೇಕು. ಸೂತ್ರವನ್ನು 2ನೇ ಸಾಲಿನಲ್ಲಿ ಬರೆದು ಕೆಳಗೆ ಎಳೆದಿದ್ದೆ. ಹೊಸ ಉತ್ತರ ಬಂದಾಗ ಫಾರ್ಮ್ ಹೊಸ ಸಾಲನ್ನೇ ನಡುವೆ ಸೇರಿಸುತ್ತದೆ, ಆ ಸಾಲಿನಲ್ಲಿ ಸೂತ್ರ ಇರುವುದಿಲ್ಲ. ಅದಕ್ಕೆ ಸೂತ್ರ ತಲೆಬರಹದ ಸಾಲಿನಲ್ಲೇ ಇರಬೇಕು. ನಮ್ಮಲ್ಲಿ A ಸಮಯ, B ಹೆಸರು, C ಫೋನು, D ಬೇಕಾದ ದಿನ, E ಕೇಕು, F ಬೆಣ್ಣೆ, G ಖಾರಾ, H ಏರಿಯಾ. I1ರಲ್ಲಿ ಹೀಗೆ ಬರೆದೆ:

```
={"ಒಟ್ಟು"; ARRAYFORMULA(IF(A2:A="","",E2:E*900+F2:F*120+G2:G*100))}
```

ಮೇಲಿನ ಆರ್ಡರಿಗೆ 1350, 240, 300 ಸೇರಿ 1890 ಬಂತು. ಏನನ್ನೂ ಆರಿಸದೆ ಖಾಲಿ ಬಿಟ್ಟರೆ ಸೊನ್ನೆ ಅಂತಲೇ ಲೆಕ್ಕ ಆಗುತ್ತದೆ.

ನಮಗೆ ದೊಡ್ಡ ಪೆಟ್ಟು ಕೊಟ್ಟದ್ದು ದಿನಾಂಕ. ಜುಲೈ 8ಕ್ಕೆ ಬೇಕಿದ್ದ ಕೇಕು ಶೀಟಿನಲ್ಲಿ 7/8 ಅಂತ ಕಾಣಿಸಿತು. ಅತ್ತಿಗೆ ಅದನ್ನು ಆಗಸ್ಟ್ 7 ಅಂತ ಓದಿದರು. ಶೀಟಿನ ಲೊಕೇಲ್, ಅಂದರೆ ದಿನಾಂಕವನ್ನು ಯಾವ ದೇಶದ ಪದ್ಧತಿಯಲ್ಲಿ ತೋರಿಸಬೇಕು ಅನ್ನುವ ಸೆಟ್ಟಿಂಗ್, ತಿಂಗಳನ್ನು ಮೊದಲು ಬರೆಯುವ ಅಮೆರಿಕದ್ದೇ ಇತ್ತು, ನಾನು ಬದಲಿಸಿರಲಿಲ್ಲ. ಹುಟ್ಟುಹಬ್ಬದ ಬೆಳಗ್ಗೆ ಫೋನ್ ಬಂತು. ಪಾಪ, ಆ ಮಗುವಿನ ಅಮ್ಮನಿಗೆ ಎಷ್ಟು ಸಂಕಟ ಆಗಿರಬೇಕು. ಶೀಟು ಮಾಡಿದ ಕೂಡಲೇ `File > Settings` ಒಳಗೆ ಹೋಗಿ ಲೊಕೇಲನ್ನು ಇಂಡಿಯಾ ಮಾಡಿ, ಟೈಮ್ ಜೋನನ್ನೂ ನೋಡಿಕೊಳ್ಳಿ. ಆಮೇಲೆ ಆ ಕಾಲಂಗೆ `ddd dd-mmm` ಫಾರ್ಮ್ಯಾಟ್ ಹಾಕಿ. ವಾರವೂ ತಿಂಗಳ ಹೆಸರೂ ಅಕ್ಷರದಲ್ಲಿ ಕಂಡರೆ ಅದಲುಬದಲು ಆಗುವುದಿಲ್ಲ.

ದಿನಾಂಕದ ವಿಷಯದಲ್ಲೇ ಇನ್ನೊಂದು ಕೊರತೆ ಇದೆ. ಗೂಗಲ್ ಫಾರ್ಮ್ಸ್‌ನಲ್ಲಿ "ಕಳೆದುಹೋದ ದಿನ ಬೇಡ" ಅಂತ ತಡೆ ಹಾಕೋಕೆ ಆಗಲ್ಲ. ಯಾರಾದರೂ ನಿನ್ನೆಯ ದಿನ ಒತ್ತಿದರೂ ತೆಗೆದುಕೊಳ್ಳುತ್ತದೆ. ಕ್ಯಾಲೆಂಡರ್ ಬಿಟ್ಟು ಮುಂದಿನ ಏಳು ದಿನಗಳ ಡ್ರಾಪ್‌ಡೌನ್ ಇಡಬಹುದು. ಆದರೆ ಅದನ್ನು ಆಗಾಗ ಕೈಯಾರೆ ಬದಲಿಸುತ್ತಿರಬೇಕು.

ಟ್ಯಾಲಿ ಗೆದ್ದದ್ದು ಇಲ್ಲೇ. ಅದರ ದಿನಾಂಕದ ಪ್ರಶ್ನೆಯಲ್ಲಿ ಮುಂದಿನ ದಿನಗಳನ್ನು ಮಾತ್ರ ಆರಿಸಲು ಬಿಡಬಹುದು, ವಾರದ ಒಂದು ದಿನವನ್ನು ಮುಚ್ಚಲೂಬಹುದು. ಅತ್ತಿಗೆ ಸೋಮವಾರ ಒಲೆ ಹಚ್ಚುವುದಿಲ್ಲ, ಸೋಮವಾರ ಮುಚ್ಚಿದೆವು. ಅದಕ್ಕಿಂತ ಹೆಚ್ಚಾಗಿ, ಕಳುಹಿಸುವ ಮೊದಲೇ ಗ್ರಾಹಕರಿಗೆ ಮೊತ್ತ ತೋರಿಸುತ್ತದೆ. ಪ್ರತಿ ತಿಂಡಿಗೂ ಲೆಕ್ಕದ ಒಂದು ಫೀಲ್ಡ್ ಮಾಡಿ ಸೊನ್ನೆಯಿಂದ ಶುರು ಮಾಡಬೇಕು. ಪ್ರಮಾಣ ಖಾಲಿ ಇಲ್ಲದಿದ್ದರೆ ಅದಕ್ಕೆ ಪ್ರಮಾಣವನ್ನು ಕೂಡಿಸು, ಆಮೇಲೆ ದರದಿಂದ ಗುಣಿಸು ಅಂತ ಷರತ್ತು ಹಾಕಬೇಕು. ಕೊನೆಗೆ ಎಲ್ಲವನ್ನೂ "ಒಟ್ಟು" ಅನ್ನುವ ಫೀಲ್ಡಿಗೆ ಕೂಡಿಸಬೇಕು. ಫಾರ್ಮಿನ ಕೊನೆಯ ಪುಟದಲ್ಲಿ `@` ಒತ್ತಿ ಆ ಫೀಲ್ಡನ್ನು ವಾಕ್ಯದೊಳಗೆ ತಂದರೆ "ನಿಮ್ಮ ಮೊತ್ತ 1890" ಅಂತ ಕಾಣಿಸುತ್ತದೆ. ಮೂರು ತಿಂಡಿಗೆ ನನಗೆ ಒಂದು ಸಂಜೆ ಹಿಡಿಯಿತು. ಇಪ್ಪತ್ತು ತಿಂಡಿ ಇದ್ದರೆ ಷರತ್ತುಗಳ ರಾಶಿಯೇ ಆಗುತ್ತದೆ. ದರ ಬದಲಾದರೆ ಒಳಗೆ ಹೋಗಿ ಹುಡುಕಬೇಕು. ಆ ಮಟ್ಟಿಗೆ ಶೀಟಿನ ಒಂದೇ ಸಾಲಿನ ಸೂತ್ರ ಎಷ್ಟೋ ಸುಲಭ.

ಶೀಟಿಗೆ ಜೋಡಿಸಲು ಟ್ಯಾಲಿಯ `Integrations` ಒಳಗೆ ಗೂಗಲ್ ಶೀಟ್ಸ್ ಆರಿಸಿದರೆ ಸಾಕು. ಅದು ಹೊಸ ಶೀಟನ್ನೇ ಮಾಡುತ್ತದೆ. ಮೊದಲ ಕಾಲಂಗಳಲ್ಲಿ ತನ್ನದೇ ಗುರುತುಗಳನ್ನು ಹಾಕುತ್ತದೆ, ಹಾಗಾಗಿ ಸೂತ್ರದ ಅಕ್ಷರಗಳನ್ನು ನೋಡಿ ಬದಲಿಸಿಕೊಳ್ಳಿ.

ನಾಳೆ ಏನು ಬೇಯಿಸಬೇಕು ಅನ್ನುವ ಪಟ್ಟಿಗೆ ಎರಡರಲ್ಲೂ ಇದೇ ಕೆಲಸ. ಬೇರೆ ಟ್ಯಾಬಿನಲ್ಲಿ ಈ ಸೂತ್ರ ಹಾಕಿದೆ. ಇದು ಗೂಗಲ್ ಫಾರ್ಮ್ಸ್ ಕಾಲಂಗಳಿಗೆ ಹೊಂದುವಂಥದ್ದು, ಟ್ಯಾಬಿನ ಹೆಸರು ನಿಮ್ಮಲ್ಲಿ ಹೇಗಿದೆಯೋ ಹಾಗೇ ಬರೆಯಿರಿ:

```
=QUERY('Form Responses 1'!A:H,"select B,C,E,F,G where D = date '"&TEXT(TODAY()+1,"yyyy-mm-dd")&"'",1)
```

ಆರ್ಡರ್ ಇದ್ದೂ ಪಟ್ಟಿ ಖಾಲಿ ಬಂದರೆ ದಿನಾಂಕ ಅಕ್ಷರವಾಗಿ ಬಂದಿದೆಯೇ ಅಂತ ನೋಡಿ. `=ISNUMBER(D2)` ಬರೆದಾಗ `FALSE` ಬಂದರೆ ಅದೇ ಕಾರಣ. ಹಣ ಬಂತೋ ಇಲ್ಲವೋ ಅನ್ನುವುದನ್ನು ಈ ಪಟ್ಟಿಯ ಪಕ್ಕ ಬರೆಯಬೇಡಿ. ಹೊಸ ಆರ್ಡರ್ ಬಂದಾಗ ಪಟ್ಟಿಯ ಸಾಲು ಸರಿದು, ಒಬ್ಬರ ಹಣ ಇನ್ನೊಬ್ಬರ ಹೆಸರಿನ ಮುಂದೆ ಕೂರುತ್ತದೆ. ಉತ್ತರಗಳು ಬೀಳುವ ಟ್ಯಾಬಿನಲ್ಲೇ ಕೊನೆಯ ಕಾಲಂನಲ್ಲಿ "ಬಂತು" ಅಂತ ಬರೆಯಿರಿ.

ಈಗ ದಿನನಿತ್ಯದ ಆರ್ಡರಿಗೆ ಟ್ಯಾಲಿ ಇಟ್ಟುಕೊಂಡಿದ್ದೇವೆ. ಮೊತ್ತ ಮೊದಲೇ ಕಂಡದ್ದರಿಂದ "ಅಷ್ಟಾಯ್ತಾ?" ಅನ್ನುವ ಫೋನುಗಳು ನಿಂತವು. ದಸರಾ ಹೊತ್ತಿಗೆ ಒಂದೇ ದರದ ಗಿಫ್ಟ್ ಬಾಕ್ಸ್ ಮಾರುವುದಾದರೆ ಗೂಗಲ್ ಫಾರ್ಮ್ ಸಾಕು, ಹತ್ತು ನಿಮಿಷದ ಕೆಲಸ. ಸರಸ್ವತಿಪುರಂನ ಒಬ್ಬ ಅಜ್ಜಿ ಮಾತ್ರ ಫೋನಿನಲ್ಲೇ ಹೇಳುತ್ತಾರೆ. ಅವರ ಆರ್ಡರನ್ನು ಅತ್ತಿಗೆ ಅದೇ ಫಾರ್ಮಿನಲ್ಲಿ ತಾವೇ ತುಂಬಿಸುತ್ತಾರೆ.