ಇನ್ಸುಲಿನ್ ಆನಿಮೇಷನ್: ಕೀಲಿಕೈ ಚಿತ್ರವೋ, ಗ್ಲುಟ್-4 ಚಿತ್ರವೋ?

ಉಡುಪಿಯ ಕ್ಲಿನಿಕ್ಕಿನ ಟಿವಿಗೆ ಇನ್ಸುಲಿನ್ ವಿಡಿಯೊ ಆರಿಸುವವರ ಮುಂದೆ ಸಾಮಾನ್ಯವಾಗಿ ಎರಡು ಬಗೆ ಇರುತ್ತವೆ.

ಮೊದಲನೆಯದರಲ್ಲಿ ಇನ್ಸುಲಿನ್ ಕೀಲಿಕೈ. ಅದು ಜೀವಕೋಶದ ಬಾಗಿಲು ತೆರೆಯುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡ ಮೇಲೆ ಸಕ್ಕರೆ ಏರಿ ಇಳಿಯುವುದು ಇದರಿಂದ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಆದರೆ ಬಾಗಿಲೂ ಬೀಗವೂ ಒಂದೇ ಎಂಬ ಭಾವನೆ ಉಳಿಯುತ್ತದೆ, ಅದು ತಪ್ಪು.

ಎರಡನೆಯದು ನಿಜಕ್ಕೆ ಹತ್ತಿರ. ಇನ್ಸುಲಿನ್ ಜೀವಕೋಶದ ಹೊರಮೈಯಲ್ಲಿ ಬೀಗದಂತಿರುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಒಳಗೆ ಸಂಕೇತ ಹೋಗುತ್ತದೆ, ಆಗ ಒಳಗಿದ್ದ ಗ್ಲುಟ್-4 ಎಂಬ ಸಾಗಣೆ ಪ್ರೋಟೀನುಗಳು ಹೊರಪೊರೆಗೆ ಬಂದು ಸಕ್ಕರೆಗೆ ಬಾಗಿಲಾಗುತ್ತವೆ. ಇನ್ಸುಲಿನ್ ಪ್ರತಿರೋಧದಲ್ಲಿ ಸಂಕೇತ ದುರ್ಬಲವಾಗುತ್ತದೆ, ಹಾಗಾಗಿ ಇನ್ಸುಲಿನ್ ಸಾಕಷ್ಟಿದ್ದರೂ ಸಕ್ಕರೆ ರಕ್ತದಲ್ಲೇ ಉಳಿಯುವುದನ್ನು ಇಲ್ಲಿ ತೋರಿಸಬಹುದು. ನಡಿಗೆಯನ್ನೂ ಸೇರಿಸಬಹುದು: ಸ್ನಾಯು ಸಂಕುಚಿಸಿದಾಗ ಇನ್ಸುಲಿನ್ ಸಂಕೇತವಿಲ್ಲದೆಯೂ ಗ್ಲುಟ್-4 ಮೇಲೆ ಬರುತ್ತದೆ. ಕೀಲಿಕೈ ಚಿತ್ರದಲ್ಲಿ ಇದಕ್ಕೆ ಜಾಗವೇ ಇಲ್ಲ.

ಎರಡರಲ್ಲೂ ಯಕೃತ್ತು ಇದೆಯೇ ನೋಡಿ. "ರಾತ್ರಿ ಬರೀ ಗಂಜಿ ಉಂಡದ್ದು ಡಾಕ್ಟ್ರೇ, ಬೆಳಿಗ್ಗೆ 160 ಹೇಗೆ ಬಂತು?" ಎಂದು ಕೇಳುವವರಿಗೆ ಉತ್ತರ ಅಲ್ಲಿದೆ. ಉಪವಾಸದಲ್ಲಿ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಅದಕ್ಕೆ ಕಡಿವಾಣ ಹಾಕುವುದು ಇನ್ಸುಲಿನ್. ಆ ಹಿಡಿತ ತಪ್ಪಿದರೆ ಊಟ ಎಷ್ಟೇ ಕಡಿಮೆಯಿದ್ದರೂ ಬೆಳಗಿನ ಅಂಕಿ ಏರುತ್ತದೆ.

ಟೈಪ್ 1 ಮಗುವಿನ ಮನೆಯವರಿಗೆ ಮೊದಲ ಭೇಟಿಯಲ್ಲಿ ಕೀಲಿಕೈ ಸಾಕು, ಅಲ್ಲಿ ಕೊರತೆ ಇನ್ಸುಲಿನ್ನಿನದೇ. ಟೈಪ್ 2 ಇರುವವರಿಗೆ ಎರಡನೆಯದನ್ನೇ ಆರಿಸಿ. ಪರದೆ ಮೇಲೆ ಗ್ಲುಟ್-4 ಎಂಬ ಹೆಸರು ಬೇಡ, ಚಲನೆ ಕಂಡರೆ ಸಾಕು.